ಕಾಲು ನೆಟ್ಟಗಿರುವವರೂ ಆನೆಕಾಲಿನ ಮಾತ್ರೆ ಯಾಕೆ ನುಂಗಬೇಕು?

‘ನನಗೇನಾಗಿದೆ ಅಂತ ಮಾತ್ರೆ ನುಂಗಲಿ?’ ಕಲಬುರಗಿ, ಯಾದಗಿರಿ ಕಡೆ ಮನೆಮನೆಗೆ ಆನೆಕಾಲು ರೋಗದ ಮಾತ್ರೆ ಹಿಡಿದು ಹೋಗುವ ಆಶಾ ಕಾರ್ಯಕರ್ತೆಯರಿಗೆ ಎದುರಾಗುವ ಮೊದಲ ಪ್ರಶ್ನೆ ಇದು. ಕೇಳುವವರ ತಪ್ಪೇನಿಲ್ಲ. ಆರೋಗ್ಯವಂತರಿಗೆ ಸರ್ಕಾರ ಔಷಧ ಕೊಡುವಾಗ ಕಾರಣ ಹೇಳಲೇಬೇಕು. ಕಾರಣ ಇದೆ, ಆದರೆ ಅದು ನಾವು ಅಂದುಕೊಂಡಿರುವುದಕ್ಕೆ ಉಲ್ಟಾ.

ಹುಳು ಯಾರ ಮೈಯಲ್ಲಿದೆ?

ಈ ರೋಗ ತರುವುದು ನೂಲಿನಂಥ ಹುಳು. ಅದು ನಮ್ಮ ದುಗ್ಧನಾಳಗಳಲ್ಲಿ, ಅಂದರೆ ಅಂಗಾಂಶದ ನೀರನ್ನು ಮತ್ತೆ ರಕ್ತಕ್ಕೆ ಸಾಗಿಸುವ ಕೊಳವೆಗಳಲ್ಲಿ ಗೂಡು ಕಟ್ಟಿ ನಾಲ್ಕಾರು ವರ್ಷ ಬದುಕುತ್ತದೆ. ಲಕ್ಷಗಟ್ಟಲೆ ಮರಿ ಹಾಕುತ್ತದೆ. ರಾತ್ರಿ ಹೊತ್ತು ಆ ಮರಿಗಳು ಮೇಲ್ಮೈ ರಕ್ತಕ್ಕೆ ಬರುತ್ತವೆ. ಚರಂಡಿ ನೀರಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವುದೂ ಆಗಲೇ. ಹಾಗಾಗಿಯೇ ಹಿಂದಿನಿಂದಲೂ ಇದರ ರಕ್ತಪರೀಕ್ಷೆ ರಾತ್ರಿ ನಡೆಯುತ್ತದೆ.

ಸೋಂಕು ತಗುಲಿದ ಬಹುತೇಕರಿಗೆ ಏನೂ ಗೊತ್ತಾಗುವುದಿಲ್ಲ. ಕಾಲು ಊದುವುದು ನಾಳಗಳು ಹಾಳಾಗಿ ವರ್ಷಗಳಾದ ಮೇಲೆ. ಆ ಹೊತ್ತಿಗೆ ಎಷ್ಟೋ ಮಂದಿಯ ರಕ್ತದಲ್ಲಿ ಮರಿಹುಳುವೇ ಇರುವುದಿಲ್ಲ. ಅಂದರೆ, ಊರವರು ದೂರ ಇಡುವ ದಪ್ಪಗಾಲಿನ ಅಜ್ಜಿಯಿಂದ ರೋಗ ಹರಡದೇ ಇರಬಹುದು. ಹೊಲದಲ್ಲಿ ಗಟ್ಟಿಯಾಗಿ ದುಡಿಯುವ ಅವಳ ಮಗನಿಂದ ಹರಡುತ್ತಿರಬಹುದು.

ಭಾರತದಲ್ಲಿರುವ ಬಗೆಯ ಈ ಹುಳುವಿಗೆ ಮನುಷ್ಯನ ಹೊರತು ಬೇರೆ ಪ್ರಾಣಿಯ ಆಸರೆ ಇಲ್ಲವೆಂದೇ ಹೇಳಬಹುದು. ನಮ್ಮ ರಕ್ತದಲ್ಲಿ ಮರಿ ಇಲ್ಲದಿದ್ದರೆ ಸೊಳ್ಳೆ ಕಚ್ಚಿದರೂ ಹೊತ್ತೊಯ್ಯಲು ಏನೂ ಸಿಗದು. ಎಲ್ಲರಿಗೂ ಮಾತ್ರೆ ಅನ್ನುವುದರ ಹಿಂದಿನ ಲೆಕ್ಕ ಇಷ್ಟೇ.

ಯಾದಗಿರಿಯಲ್ಲಿ ಬದಲಾದದ್ದು

ದೇಶದಲ್ಲಿ 2004ರಿಂದ ವರ್ಷಕ್ಕೊಮ್ಮೆ ಡಿಇಸಿ ಮಾತ್ರೆ ಕೊಡಲಾಗುತ್ತಿದೆ. ಆಮೇಲೆ ಅಲ್ಬೆಂಡಜೋಲ್ ಸೇರಿತು. ಇವು ಮರಿಗಳನ್ನು ಚೆನ್ನಾಗಿ ಕೊಲ್ಲುತ್ತವೆ, ಆದರೆ ದೊಡ್ಡ ಹುಳುಗಳು ಎಷ್ಟೋ ಉಳಿದು ಮತ್ತೆ ಮರಿ ಹಾಕುತ್ತವೆ. ಅದಕ್ಕೇ ಹುಳುವಿನ ಆಯಸ್ಸು ಮುಗಿಯುವವರೆಗೆ, ಕನಿಷ್ಠ ಐದು ವರ್ಷ, ಬಿಡದೆ ನುಂಗಬೇಕು. ಐವರ್ಮೆಕ್ಟಿನ್ ಕೂಡಿಸಿದರೆ ಹುಳು ದೀರ್ಘಕಾಲ ಮರಿ ಹಾಕಲಾರದೆ ಹೋಗುತ್ತದೆ. ಈ ಮೂರು ಔಷಧಗಳ ಸುರಕ್ಷತೆಯ ಅಧ್ಯಯನ ಐದು ದೇಶಗಳಲ್ಲಿ, 26,000ಕ್ಕೂ ಹೆಚ್ಚು ಜನರಲ್ಲಿ ನಡೆಯಿತು. ಭಾರತದಲ್ಲಿ ಅದು ನಡೆದದ್ದು ನಮ್ಮ ಯಾದಗಿರಿ ಜಿಲ್ಲೆಯಲ್ಲೇ. ಗಂಭೀರ ತೊಂದರೆ ತೀರಾ ಅಪರೂಪ ಎಂದು ಕಂಡುಬಂತು. ನಂತರ ಮೂರು ಔಷಧಗಳನ್ನು ಮೊದಲು ಕೊಟ್ಟ ದೇಶದ ಜಿಲ್ಲೆಗಳಲ್ಲಿ ಯಾದಗಿರಿಯೂ ಸೇರಿತು.

ಒಂದು ಮನೆಯ ಲೆಕ್ಕ

ಮೂರು ಔಷಧ ಕೊಡುವ ಊರಲ್ಲಿ ಒಂದು ಮನೆ ಇದೆ ಅಂದುಕೊಳ್ಳಿ. ಅಪ್ಪನ ಎತ್ತರ 165 ಸೆಂ.ಮೀ. ಅವನಿಗೆ 100 ಮಿ.ಗ್ರಾಂನ ಮೂರು ಡಿಇಸಿ, ಅಗಿದು ನುಂಗುವ ಒಂದು ಅಲ್ಬೆಂಡಜೋಲ್, 3 ಮಿ.ಗ್ರಾಂನ ನಾಲ್ಕು ಐವರ್ಮೆಕ್ಟಿನ್. ಒಟ್ಟು ಎಂಟು ಮಾತ್ರೆ ಕಂಡು ಗಾಬರಿಯಾಗುವುದು ಸಹಜ, ಆದರೆ ಅದು ಇಡೀ ವರ್ಷದ ಡೋಸು. ಎಂಟು ವರ್ಷದ, 125 ಸೆಂ.ಮೀ. ಎತ್ತರದ ಮಗಳಿಗೆ ಡಿಇಸಿ ಎರಡು, ಅಲ್ಬೆಂಡಜೋಲ್ ಒಂದು, ಐವರ್ಮೆಕ್ಟಿನ್ ಎರಡು. ಐವರ್ಮೆಕ್ಟಿನ್ ಪ್ರಮಾಣ ಎತ್ತರದ ಮೇಲೆ ನಿಲ್ಲುತ್ತದೆ. ಬಸುರಿ ಸೊಸೆಗೆ, ಎರಡು ತುಂಬದ ಕೂಸಿಗೆ, ತೀವ್ರ ಕಾಯಿಲೆಯಲ್ಲಿರುವವರಿಗೆ ಯಾವುದೂ ಬೇಡ. ಐದು ತುಂಬದ ಮಕ್ಕಳಿಗೆ ಐವರ್ಮೆಕ್ಟಿನ್ ಇಲ್ಲ. ಖಾಲಿ ಹೊಟ್ಟೆಯಲ್ಲಿ ಯಾರೂ ನುಂಗಬಾರದು.

ನುಂಗಿದ ಮೇಲೆ ಅಪ್ಪನಿಗೆ ಜ್ವರ, ತಲೆನೋವು, ವಾಕರಿಕೆ ಬಂತು ಅಂತಿಟ್ಟುಕೊಳ್ಳಿ. ಬಹಳ ಸಲ ಇದು ಮೈಯಲ್ಲಿ ಮರಿಹುಳುಗಳು ಸಾಯುತ್ತಿರುವುದರ ಲಕ್ಷಣ. ಮರಿಹುಳು ಇದ್ದವರಲ್ಲೇ ಇದು ಹೆಚ್ಚು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಜೋರಾದರೆ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಆದರೆ ಊರಲ್ಲಿ ಹಬ್ಬುವ ಸುದ್ದಿ ಬೇರೆ: ‘ಚೆಂದ ಇದ್ದವನು ಮಾತ್ರೆ ತಗೊಂಡು ಮಲಗಿದ.’ ಮರುವರ್ಷ ಅರ್ಧ ಓಣಿ ಮಾತ್ರೆ ಇಸಕೊಂಡು ಕಿಟಕಿಯಲ್ಲಿಡುತ್ತದೆ.

ಪ್ರಶ್ನೆ ಎತ್ತಬೇಕಾದ್ದು ಇಲ್ಲಿ. ಒಟ್ಟು ಜನಸಂಖ್ಯೆಯ ಕನಿಷ್ಠ 65% ಮಂದಿ ನಿಜವಾಗಿ ನುಂಗಿದರೆ ಮಾತ್ರ ಆ ಸುತ್ತು ಪರಿಣಾಮಕಾರಿ. ಹಂಚಿದ್ದನ್ನೇ ನುಂಗಿದ್ದು ಅಂತ ಬರೆದರೆ ಕಾಗದದ ಮೇಲೆ ಗುರಿ ಮುಟ್ಟುತ್ತದೆ, ಸೊಳ್ಳೆಗೆ ಹುಳು ಸಿಗುತ್ತಲೇ ಇರುತ್ತದೆ. ಎದುರಿಗೇ ನುಂಗಿಸುವ ನಿಯಮ ಅದಕ್ಕೇ ಇದೆ. ಅಡ್ಡಪರಿಣಾಮದ ಬಗ್ಗೆ ಮೊದಲೇ ಹೇಳದೆ ಬರೀ ನುಂಗಿಸಿದರೆ ಮುಂದಿನ ವರ್ಷ ಬಾಗಿಲು ತೆರೆಯುವುದಿಲ್ಲ.

ಅಜ್ಜಿಯ ಕಾಲು

ಅಜ್ಜಿಯೂ ಮಾತ್ರೆ ನುಂಗಬೇಕು, ಆದರೆ ಅದರಿಂದ ಹಳೇ ಬಾವು ಇಳಿಯದು. ಅವಳಿಗೆ ಬೇಕಿರುವುದು ದಿನದ ಆರೈಕೆ. ತಣ್ಣೀರು, ಸೋಪಿನಿಂದ ಮೆಲ್ಲಗೆ ತೊಳೆದು, ಬೆರಳ ಸಂದಿಯ ತೇವವನ್ನೆಲ್ಲ ಒರೆಸಬೇಕು. ಕೂತಾಗ, ಮಲಗಿದಾಗ ಕಾಲು ಎತ್ತರದಲ್ಲಿರಲಿ. ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ, ಸಡಿಲ ಚಪ್ಪಲಿ ಒಳ್ಳೇದು. ಸಂದಿಯಲ್ಲಿ ಬಿರುಕು, ಬಿಳಿ ಬೂಸಲು ಕಂಡರೆ ಮುಲಾಮು ಕೇಳಿ ಪಡೆಯಬೇಕು, ಯಾಕಂದರೆ ಬ್ಯಾಕ್ಟೀರಿಯಾ ಒಳಹೋಗುವುದು ಆ ಬಿರುಕಿನಿಂದ. ಆಗ ಕಾಲು ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬರುತ್ತದೆ. ಪ್ರತಿ ಸಲ ಹೀಗಾದಾಗಲೂ ಬಾವು ಇನ್ನಷ್ಟು ಬೆಳೆಯುತ್ತದೆ. ಅಂಥ ದಿನ ತಿಕ್ಕುವುದು, ವ್ಯಾಯಾಮ ಎಲ್ಲ ಬಿಟ್ಟು, ತಣ್ಣೀರ ಬಟ್ಟೆ ಹಾಕಿ ವೈದ್ಯರ ಬಳಿ ಕರೆದೊಯ್ಯಬೇಕು.

ಮೊಮ್ಮಗಳ ಕಾಲು ಹೀಗಾಗದಿರಲು ಅಪ್ಪನ ರಕ್ತದಲ್ಲಿ ಈ ರಾತ್ರಿ ಮರಿಹುಳು ಇರಬಾರದು. ಅವನಿಗೆ ಏನೂ ಆಗಿಲ್ಲ ಅನ್ನಿಸಿದರೂ ಮಾತ್ರೆ ಬೇಕಾಗಿರುವುದು ಅದಕ್ಕೆ.