ಸ್ಪರ್ಶಕದ ಹೆಜ್ಜೆಗಳಲ್ಲಿ ಮೂಲದ ಹುಡುಕಾಟ

x³ − 2x − 5 = 0 ಎಂಬ ಸಮೀಕರಣಕ್ಕೆ ಪೂರ್ಣಾಂಕದ ಉತ್ತರವಿಲ್ಲ. x ಜಾಗದಲ್ಲಿ 2 ಇಟ್ಟರೆ ಎಡಬದಿ −1 ಆಗುತ್ತದೆ, 3 ಇಟ್ಟರೆ 16 ಆಗುತ್ತದೆ. ಬೆಲೆ ಋಣದಿಂದ ಧನಕ್ಕೆ ದಾಟಿರುವುದರಿಂದ 2 ಮತ್ತು 3ರ ನಡುವೆ ಎಲ್ಲೋ ಅದು ಸೊನ್ನೆಯಾಗಲೇಬೇಕು. ಆ ಜಾಗವೇ ಸಮೀಕರಣದ ಮೂಲ. ಸಂಖ್ಯಾತ್ಮಕ ವಿಧಾನಗಳ ಪಠ್ಯಗಳಲ್ಲಿ ಈ ಲೆಕ್ಕ ಮತ್ತೆ ಮತ್ತೆ ಎದುರಾಗುತ್ತದೆ. ಮೊಬೈಲ್‌ನಲ್ಲಿ ತೆಗೆದ ಅಭ್ಯಾಸದ ಪುಟದ ಫೋಟೊದಲ್ಲಿ ಅದು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿರುತ್ತದೆ: 2ರಿಂದ ಆರಂಭಿಸಿ, ನ್ಯೂಟನ್–ರಾಫ್ಸನ್ ವಿಧಾನದಿಂದ, ನಾಲ್ಕು ದಶಮಾಂಶ ಸ್ಥಾನಗಳವರೆಗೆ ಮೂಲವನ್ನು ಕಂಡುಹಿಡಿಯಿರಿ.

ವಿಧಾನದ ಹಿಂದಿರುವ ಯೋಚನೆ ಸರಳ. y = x³ − 2x − 5 ಎಂಬುದರ ನಕ್ಷೆ ಒಂದು ವಕ್ರರೇಖೆ. ಅದು x ಅಕ್ಷವನ್ನು ಎಲ್ಲಿ ಕತ್ತರಿಸುತ್ತದೆ ಎಂದು ನೇರವಾಗಿ ಹೇಳುವುದು ಕಷ್ಟ. ಸರಳರೇಖೆಯಾದರೆ ಅದು ಸುಲಭ. ಆದ್ದರಿಂದ ಮೊದಲ ಊಹೆಯಾದ x = 2ರ ಬಳಿ ವಕ್ರರೇಖೆಗೆ ಒಂದು ಸ್ಪರ್ಶಕ ಎಳೆದು, ಆ ಸ್ಪರ್ಶಕ ಅಕ್ಷವನ್ನು ಮುಟ್ಟುವ ಜಾಗವನ್ನು ಹೊಸ ಊಹೆಯಾಗಿ ತೆಗೆದುಕೊಳ್ಳಲಾಗುತ್ತದೆ. ಅಲ್ಲಿಂದ ಮತ್ತೆ ವಕ್ರರೇಖೆಗೆ ಹೋಗಿ ಇನ್ನೊಂದು ಸ್ಪರ್ಶಕ, ಅದರಿಂದ ಇನ್ನೊಂದು ಊಹೆ. ಮೂಲದ ಸಮೀಪದಲ್ಲಿ ಸ್ಪರ್ಶಕಕ್ಕೂ ವಕ್ರರೇಖೆಗೂ ಅಂತರ ತೀರಾ ಕಡಿಮೆಯಿರುವುದರಿಂದ ಊಹೆಗಳು ಬೇಗ ಮೂಲಕ್ಕೆ ಹತ್ತಿರವಾಗುತ್ತವೆ.

ಇದನ್ನು ಸೂತ್ರಕ್ಕೆ ಇಳಿಸಲು ಸ್ಪರ್ಶಕದ ಇಳಿಜಾರು ಬೇಕು. ಇಳಿಜಾರನ್ನು ಕೊಡುವುದು ಡೆರಿವೇಟಿವ್. ಇಲ್ಲಿ ಅದು 3x² − 2. ಬೆಲೆಯನ್ನು ಇಳಿಜಾರಿನಿಂದ ಭಾಗಿಸಿದರೆ ಅಕ್ಷವನ್ನು ಮುಟ್ಟಲು ಎಷ್ಟು ಸರಿಯಬೇಕು ಎಂಬುದು ಸಿಗುತ್ತದೆ, ಅದನ್ನು ಹಳೆಯ ಊಹೆಯಿಂದ ಕಳೆಯಬೇಕು:

xₙ₊₁ = xₙ − f(xₙ) / f′(xₙ)

x = 2 ಆದಾಗ ಬೆಲೆ −1, ಇಳಿಜಾರು 10. ಭಾಗಿಸಿದರೆ −0.1 ಬರುತ್ತದೆ, ಅದನ್ನು ಕಳೆದರೆ ಊಹೆ 2.1 ಆಗುತ್ತದೆ. ಇದೇ ಕ್ರಮವನ್ನು ಮುಂದುವರಿಸಿದಾಗ ಕೋಷ್ಟಕ ಹೀಗೆ ತುಂಬುತ್ತದೆ:

| n | xₙ | f(xₙ) | f′(xₙ) | ತಿದ್ದುಪಡಿ | ಹೊಸ x |
|---|---|---|---|---|---|
| 0 | 2 | −1 | 10 | +0.1 | 2.1 |
| 1 | 2.1 | 0.061 | 11.23 | −0.00543188 | 2.09456812 |
| 2 | 2.09456812 | 0.00018572 | 11.16165 | −0.00001664 | 2.09455148 |

ಎರಡನೆಯ ಮತ್ತು ಮೂರನೆಯ ಸಾಲಿನ ಹೊಸ ಊಹೆಗಳೆರಡನ್ನೂ ನಾಲ್ಕು ಸ್ಥಾನಗಳಿಗೆ ದುಂಡಾಗಿಸಿ ಬರೆದರೆ 2.0946 ಬರುತ್ತದೆ. ಕೇಳಿದಷ್ಟು ನಿಖರತೆ ಸಿಕ್ಕಿತು, ಇಲ್ಲಿಗೆ ನಿಲ್ಲಿಸಬಹುದು. ಮೂಲದ ನಿಜವಾದ ಬೆಲೆ 2.0945514815…, ಮೂರೇ ಸಾಲಿನ ಕೋಷ್ಟಕ ಎಂಟು ದಶಮಾಂಶ ಸ್ಥಾನಗಳವರೆಗೆ ಅದಕ್ಕೆ ಹೊಂದುತ್ತದೆ.

ಕೋಷ್ಟಕದಲ್ಲಿ ಎಲ್ಲಕ್ಕಿಂತ ಗಮನವಿಟ್ಟು ಓದಬೇಕಾದದ್ದು ತಿದ್ದುಪಡಿಯ ಕಾಲಂ. ಮೊದಲ ಊಹೆಯ ದೋಷ ಸುಮಾರು 0.095 ಇತ್ತು. ನಂತರ ಅದು 0.0054ಕ್ಕೆ, ಆಮೇಲೆ 0.000017ಕ್ಕೆ ಇಳಿಯಿತು. ಮೂಲದ ಹತ್ತಿರ ಪ್ರತಿ ಹೊಸ ದೋಷವೂ ಹಿಂದಿನ ದೋಷದ ವರ್ಗಕ್ಕೆ ಅನುಗುಣವಾಗಿರುತ್ತದೆ. ಈ ಸಮೀಕರಣದಲ್ಲಿ ಆ ವರ್ಗದ ಸುಮಾರು 0.56ರಷ್ಟು. ಸಣ್ಣ ಭಿನ್ನರಾಶಿಯ ವರ್ಗ ಇನ್ನೂ ಸಣ್ಣದು. ಹಾಗಾಗಿ ಸರಿಯಾದ ಅಂಕಿಗಳ ಸಂಖ್ಯೆ ಪ್ರತಿ ಹೆಜ್ಜೆಗೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಲೆಕ್ಕದಲ್ಲಿ ಎಲ್ಲಿ ತಪ್ಪಾಗಿದೆ ಎಂಬ ಸುಳಿವೂ ಈ ಕಾಲಂನಿಂದಲೇ ಸಿಗುತ್ತದೆ. ಡೆರಿವೇಟಿವ್ ಬರೆಯುವಾಗ −2 ಬಿಟ್ಟುಹೋಗಿ 3x² ಎಂದಷ್ಟೇ ಉಳಿದಿದೆ ಎಂದುಕೊಳ್ಳೋಣ. 2ರಿಂದ ಹೊರಟರೆ ತಿದ್ದುಪಡಿಗಳು 0.0833, 0.0096, 0.0014, 0.0002 ಎಂದು ಸಾಗುತ್ತವೆ. ಊಹೆಗಳು ಕೊನೆಗೆ ಸರಿಯಾದ ಮೂಲವನ್ನೇ ಸೇರುತ್ತವೆ, ಏಕೆಂದರೆ ಅಲ್ಲಿ ಭಾಜ್ಯವೇ ಸೊನ್ನೆ. ಆದರೆ ಅಂಕಿಗಳು ಇಮ್ಮಡಿಯಾಗುವ ಬದಲು ಪ್ರತಿ ತಿದ್ದುಪಡಿಯೂ ಹಿಂದಿನದರ ಆರೇಳನೆಯ ಒಂದು ಭಾಗದಷ್ಟೇ ಆಗುತ್ತಾ ಹೋಗುತ್ತದೆ. ಉತ್ತರ ಸರಿಯಿದ್ದು ನಡಿಗೆ ಮಾತ್ರ ನಿಧಾನವಾಗಿದ್ದರೆ ಮೊದಲು ನೋಡಬೇಕಾದದ್ದು ಇಳಿಜಾರಿನ ಕಾಲಂ.

ಕೂಡುವ ಅಥವಾ ಗುಣಿಸುವ ಸಣ್ಣ ತಪ್ಪನ್ನು ಈ ವಿಧಾನ ತಾನೇ ಸರಿಪಡಿಸಿಕೊಳ್ಳುತ್ತದೆ. ಒಂದು ಸಾಲಿನಲ್ಲಿ ಎಡವಿದರೂ ಮುಂದಿನ ಸಾಲು ಆ ಬೆಲೆಯನ್ನೇ ಹೊಸ ಊಹೆಯೆಂದು ಹಿಡಿದು ಮೂಲದತ್ತ ಹೊರಡುತ್ತದೆ. ಸಮೀಕರಣವನ್ನೇ ತಪ್ಪಾಗಿ ಓದಿದ್ದರೆ ಮಾತ್ರ ಕೋಷ್ಟಕದಿಂದ ಅದು ಗೊತ್ತಾಗುವುದಿಲ್ಲ. ಮಸುಕಾದ ಫೋಟೊದಲ್ಲಿ 5 ಎಂಬುದು 6ರಂತೆ ಕಂಡರೆ ಊಹೆಗಳು ಅಷ್ಟೇ ಚೆನ್ನಾಗಿ 2.18ರ ಸಮೀಪಕ್ಕೆ ಹೋಗಿ ನಿಲ್ಲುತ್ತವೆ. ಘಾತಾಂಕ, ಚಿಹ್ನೆ ಮತ್ತು ಕೊನೆಯ ಪದವನ್ನು ಮೂಲ ಪುಟದೊಂದಿಗೆ ಹೋಲಿಸಿ ನೋಡುವುದೊಂದೇ ಇದಕ್ಕೆ ಪರಿಹಾರ.

ಆರಂಭದ ಊಹೆಯೂ ಅಷ್ಟೇ ಮುಖ್ಯ. 2ರ ಬದಲು 1ರಿಂದ ಹೊರಟರೆ ಬೆಲೆ −6, ಇಳಿಜಾರು ಬರೀ 1. ಇಳಿಜಾರು ಕಡಿಮೆಯಿರುವ ಆ ಸ್ಪರ್ಶಕ ಅಕ್ಷವನ್ನು ಬಹಳ ದೂರದಲ್ಲಿ ಮುಟ್ಟುತ್ತದೆ, ಊಹೆ ಒಮ್ಮೆಗೇ 7ಕ್ಕೆ ಹಾರುತ್ತದೆ. ನಂತರ 4.77, 3.35, 2.53, 2.17, 2.10 ಎಂದು ಹಿಂದಿರುಗಬೇಕಾಗುತ್ತದೆ. 0ಯಿಂದ ಹೊರಟರೆ ಊಹೆಗಳು −2.5, −1.57, −0.50, −3.82 ಎಂದು ಋಣ ಬದಿಯಲ್ಲೇ ಅಲೆಯತೊಡಗುತ್ತವೆ. ಇದಕ್ಕೆಲ್ಲ ಕಾರಣ x = 0.816 ಮತ್ತು x = −0.816ರ ಸಮೀಪದಲ್ಲಿ ಇಳಿಜಾರು ಸೊನ್ನೆಯಾಗುವುದು. ಸರಿಯಾಗಿ ಆ ಬಿಂದುವಿನಲ್ಲಿ ಸ್ಪರ್ಶಕ ಅಕ್ಷಕ್ಕೆ ಸಮಾಂತರವಾಗಿರುವುದರಿಂದ ಅದನ್ನು ಮುಟ್ಟುವುದೇ ಇಲ್ಲ. ಕೆಲವು ಸಮೀಕರಣಗಳಲ್ಲಿ ಊಹೆ ಸುತ್ತಿನಲ್ಲಿ ಸಿಕ್ಕಿಕೊಳ್ಳುವುದೂ ಉಂಟು: x³ − 2x + 2 = 0ಗೆ 0ಯಿಂದ ಆರಂಭಿಸಿದರೆ ಮುಂದಿನ ಊಹೆ 1, ಅದರ ಮುಂದಿನದು ಮತ್ತೆ 0. ಆದ್ದರಿಂದಲೇ ಮೊದಲು ಚಿಹ್ನೆ ಬದಲಾಗುವ ಅಂತರವನ್ನು ಗುರುತಿಸಿ, ಅದರ ಎರಡು ತುದಿಗಳಲ್ಲಿ ಬೆಲೆ ಸೊನ್ನೆಗೆ ಹತ್ತಿರವಿರುವ ತುದಿಯಿಂದ ಹೊರಡುವುದು ವಾಡಿಕೆ. ಇಲ್ಲಿ ಆ ತುದಿ 2.

ಈ ಸಮೀಕರಣವನ್ನು ಉದಾಹರಣೆಯಾಗಿ ಆರಿಸಿದ್ದು ಸ್ವತಃ ಐಸಾಕ್ ನ್ಯೂಟನ್. 1669ರಲ್ಲಿ ಬರೆದು 1711ರಲ್ಲಿ ಅಚ್ಚಾದ ಕೃತಿಯಲ್ಲಿ ಅವರು ಇದನ್ನು ಬಿಡಿಸಿದ್ದಾರೆ, ಆದರೆ ಸ್ಪರ್ಶಕವನ್ನು ಎಳೆಯದೆ. ಮೂಲ 2 + p ಎಂದಿಟ್ಟು ವಿಸ್ತರಿಸಿದಾಗ p³ + 6p² + 10p − 1 = 0 ಬರುತ್ತದೆ. p ಚಿಕ್ಕದಾದ್ದರಿಂದ ಅದರ ವರ್ಗ ಮತ್ತು ಘನವನ್ನು ಕೈಬಿಟ್ಟರೆ p = 0.1. ಮುಂದೆ p = 0.1 + q ಎಂದಿಟ್ಟರೆ 11.23q + 0.061 ಎಂಬ ಭಾಗ ಕಾಣಿಸಿಕೊಳ್ಳುತ್ತದೆ. ಮೇಲಿನ ಕೋಷ್ಟಕದ ಎರಡನೆಯ ಸಾಲಿನಲ್ಲಿರುವುದೂ ಇವೇ ಸಂಖ್ಯೆಗಳು. ವರ್ಗ ಮತ್ತು ಘನವನ್ನು ಕೈಬಿಡುವುದೂ ವಕ್ರರೇಖೆಯ ಬದಲು ಸ್ಪರ್ಶಕವನ್ನು ನಂಬುವುದೂ ಒಂದೇ. ಹೆಜ್ಜೆಹೆಜ್ಜೆಗೂ ಹೊಸ ಸಮೀಕರಣ ಕಟ್ಟದೆ ಒಂದೇ ಸೂತ್ರಕ್ಕೆ ಹೊಸ ಊಹೆಯನ್ನು ಮತ್ತೆ ಮತ್ತೆ ಹಾಕುವ ಕ್ರಮವನ್ನು ಜೋಸೆಫ್ ರಾಫ್ಸನ್ 1690ರಲ್ಲಿ ಪ್ರಕಟಿಸಿದರು. ಬಹುಪದೋಕ್ತಿಗಳಲ್ಲದ ಸಮೀಕರಣಗಳಿಗೂ ಅದು ಒಪ್ಪುವಂತೆ 1740ರಲ್ಲಿ ಕಲನಶಾಸ್ತ್ರದ ರೂಪ ಕೊಟ್ಟವರು ಥಾಮಸ್ ಸಿಂಪ್ಸನ್.