ಕಲೆ ಕಾಗದದ್ದೋ, ಮುಖದ್ದೋ?

ತೀರಿಕೊಂಡವರ ಹಳೆಯ ಫೋಟೋ ಸರಿಮಾಡಿಸಿ ಗೋಡೆಗೆ ಹಾಕಬೇಕೆಂದಾಗ ಈಗ ಎಲ್ಲರೂ ಸ್ಟುಡಿಯೋಗೇ ಹೋಗುವುದಿಲ್ಲ. ಪರಿಚಯದವರು ಮನೆಯಿಂದಲೇ ಫೋಟೋ ರೀಟಚಿಂಗ್ ಮಾಡುವ ಯಾರದೋ ನಂಬರ್ ಕೊಡುತ್ತಾರೆ. ಅವರಿಗೆ ಹೋಗುವ ಸಂದೇಶ ಬಹುಪಾಲು ಹೀಗಿರುತ್ತದೆ: ‘ಸರ್, ಇದು ನಮ್ಮ ಅಪ್ಪನ ಫೋಟೋ. ಸ್ವಲ್ಪ ಕ್ಲೀನ್ ಮಾಡಿ, ಚೆನ್ನಾಗಿ ಕಾಣೋ ಹಾಗೆ ಮಾಡಿಕೊಡಿ.’

ನಾಲ್ಕು ದಿನ ಬಿಟ್ಟು ಬರುವ ಚಿತ್ರದಲ್ಲಿ ಕಲೆ ಒಂದೂ ಇರುವುದಿಲ್ಲ. ಆದರೆ ಕೆನ್ನೆ ನುಣುಪಾಗಿರುತ್ತದೆ, ಬಣ್ಣ ಎರಡು ಪಟ್ಟು ಬೆಳ್ಳಗಾಗಿರುತ್ತದೆ, ನೆರೆತ ಮೀಸೆ ಕಪ್ಪಾಗಿರುತ್ತದೆ. ಮನೆಯವರು ನೋಡಿ, ‘ಚೆನ್ನಾಗಿದೆ, ಆದರೆ ಅಪ್ಪನ ಥರ ಇಲ್ಲ’ ಅನ್ನುತ್ತಾರೆ. ಇದರಲ್ಲಿ ಕೆಲಸ ಮಾಡಿದವರ ತಪ್ಪು ಕಡಿಮೆ. ಅವರು ಆ ಮನುಷ್ಯನನ್ನು ನೋಡಿದವರಲ್ಲ. ಪರದೆಯ ಮೇಲೆ ಹಿಗ್ಗಿಸಿದಾಗ ಬೂಷ್ಟು ಹಿಡಿದು ಆದ ಚುಕ್ಕೆಯೂ ಸಿಡುಬಿನ ಕುಳಿಯೂ ಒಂದೇ ಗಾತ್ರದ ಕಲೆಗಳು. ಯಾವುದು ಕಾಗದಕ್ಕೆ ಸೇರಿದ್ದು, ಯಾವುದು ಮುಖಕ್ಕೆ ಸೇರಿದ್ದು ಎಂದು ಹೇಳಬಲ್ಲವರು ಮನೆಯವರು ಮಾತ್ರ. ರೀಟಚಿಂಗ್‌ಗೆ ಕಳಿಸುವ ಸಂದೇಶದ ಮುಖ್ಯ ಕೆಲಸವೇ ಅದು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ತಿಪಟೂರಿನ ಕಡೆಯ ಒಬ್ಬ ಪ್ರೈಮರಿ ಶಾಲೆಯ ಮೇಷ್ಟ್ರು 1989ರಲ್ಲಿ ತೀರಿಕೊಂಡವರು. ಅವರದೆಂದು ಉಳಿದ ಒಳ್ಳೆಯ ಫೋಟೋ 1984ರ ಒಂದು ಮದುವೆಯದು. 5×7 ಇಂಚಿನ ಕಲರ್ ಪ್ರಿಂಟ್, ಮೂವರು ನಿಂತಿದ್ದಾರೆ, ಮಧ್ಯದಲ್ಲಿ ಮೇಷ್ಟ್ರು. ಇದಲ್ಲದೆ ಗುರುತಿನ ಚೀಟಿಗೆಂದು ತೆಗೆಸಿದ ಒಂದು ಕಪ್ಪುಬಿಳುಪು ಫೋಟೋ ಇದೆ. ಮಕ್ಕಳು ಹೊಸ ಮನೆ ಕಟ್ಟಿದ್ದಾರೆ, ಹಾಲ್‌ನಲ್ಲಿ ಅಪ್ಪನ ಭಾವಚಿತ್ರ ಬೇಕು.

ಫೋಟೋವನ್ನು ಹತ್ತಿರದಿಂದ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಕೆಂಪು. ಆ ಕಾಲದ ಕಲರ್ ಪ್ರಿಂಟ್‌ನಲ್ಲಿ ಮೂರು ಬಣ್ಣದ ಪದರಗಳಿರುತ್ತವೆ, ಮೂರೂ ಒಂದೇ ವೇಗದಲ್ಲಿ ಮಾಸುವುದಿಲ್ಲ. ಆಲ್ಬಮ್‌ನ ಕತ್ತಲಲ್ಲಿ ಇದ್ದರೂ ನೀಲಿ ಹಸಿರಿನ ಪದರ ಮೊದಲು ಸೋತು, ಉಳಿದದ್ದು ಕೆಂಪಗೆ ಕಾಣುತ್ತದೆ. ಇದು ಕಾಗದದ ರೋಗ, ಸರಿಮಾಡಬೇಕಾದದ್ದೇ. ಆದರೆ ‘ಬಣ್ಣ ಸರಿಮಾಡಿ’ ಎಂದಷ್ಟೇ ಬರೆದರೆ ಕೆಂಪು ತೆಗೆಯುವ ನೆಪದಲ್ಲಿ ಮೈಬಣ್ಣವೂ ತಿಳಿಯಾಗುತ್ತದೆ. ಇದನ್ನು ತಡೆಯಲು ಫೋಟೋದಲ್ಲಿ ನಮಗೆ ಖಚಿತವಾಗಿ ಗೊತ್ತಿರುವ ಒಂದು ಬಣ್ಣವನ್ನು ತೋರಿಸಿಕೊಡಬೇಕು. ಮೇಷ್ಟ್ರು ಉಟ್ಟದ್ದು ಬಿಳಿ ಪಂಚೆ, ತೊಟ್ಟದ್ದು ಬಿಳಿ ಜುಬ್ಬ. ಅವು ಬಿಳಿಯಾಗುವಷ್ಟು ಮಾತ್ರ ತಿದ್ದಿ, ಆಗ ಮುಖಕ್ಕೆ ಯಾವ ಬಣ್ಣ ಬರುತ್ತದೋ ಅದನ್ನು ಹಾಗೇ ಬಿಡಿ ಎಂದು ಹೇಳಬಹುದು. ಮೇಷ್ಟ್ರು ಕಪ್ಪಗಿದ್ದರು, ಚಿತ್ರದಲ್ಲೂ ಕಪ್ಪಗೇ ಇರಬೇಕು. ಇದನ್ನು ಬಾಯಿಬಿಟ್ಟು ಬರೆಯಬೇಕು. ಬರೆಯದಿದ್ದರೆ, ಬೆಳ್ಳಗೆ ಮಾಡಿದರೆ ಗಿರಾಕಿಗೆ ಖುಷಿಯಾಗುತ್ತದೆ ಎಂಬ ರೂಢಿಯ ಪ್ರಕಾರವೇ ಕೆಲಸ ನಡೆಯುತ್ತದೆ.

ಎರಡನೆಯದು ಹಣೆ. ಎದುರಿನಿಂದ ಫ್ಲ್ಯಾಶ್ ಬಿದ್ದು ಹಣೆಯ ಮೇಲೆ ಬೆವರು ಹೊಳೆಯುತ್ತಿದೆ, ಆ ಹೊಳಪಿನೊಳಗೆ ವಿಭೂತಿಯ ಮೂರು ಪಟ್ಟೆಗಳು ಅರ್ಧ ಕರಗಿವೆ. ಗೊತ್ತಿಲ್ಲದವರಿಗೆ ಅದು ಪೂರ್ತಿ ಫ್ಲ್ಯಾಶ್‌ನ ಹೊಳಪೇ. ಒರೆಸಿಬಿಟ್ಟರೆ ಖಾಲಿ ಹಣೆ ಉಳಿಯುತ್ತದೆ. ಹೊಸದಾಗಿ ಮೂರು ಗೆರೆ ನೇರವಾಗಿ ಎಳೆದರೆ ಕ್ಯಾಲೆಂಡರಿನ ಚಿತ್ರವಾಗುತ್ತದೆ. ಎರಡೂ ಬೇಡ. ಹೊಳಪು ಸ್ವಲ್ಪ ತಗ್ಗಿ, ಇದ್ದ ವಿಭೂತಿ ಇದ್ದ ಹಾಗೆ ಕಂಡರೆ ಸಾಕು.

ಇಂಥದ್ದೇ ಪ್ರಶ್ನೆ ಹೆಂಗಸರ ಫೋಟೋದಲ್ಲಿ ಕುಂಕುಮ, ಮೂಗುತಿ, ತಾಳಿಯದು. ಗಂಡ ಹೋದಮೇಲೆ ಇಪ್ಪತ್ತು ವರ್ಷ ಬದುಕಿದ ಅಜ್ಜಿಯ ಹಳೆಯ ಫೋಟೋದಲ್ಲಿ ಕಾಸಗಲ ಕುಂಕುಮ ಇರುತ್ತದೆ, ಇರಲಿ ಎನ್ನುವವರೂ ಬೇಡ ಎನ್ನುವವರೂ ಒಂದೇ ಮನೆಯಲ್ಲಿರುತ್ತಾರೆ. ಆ ಮಾತು ಮನೆಯೊಳಗೆ ಮೊದಲು ತೀರ್ಮಾನವಾಗಬೇಕು. ಅಣ್ಣ ಒಂದು ಹೇಳಿ ಅಕ್ಕ ಇನ್ನೊಂದು ಹೇಳಿದರೆ ರೀಟಚಿಂಗ್ ಮಾಡುವವರು ಏನು ಮಾಡಿಯಾರು? ಅದಕ್ಕೇ ಅಂತಿಮ ಒಪ್ಪಿಗೆ ಯಾರೊಬ್ಬರದು ಎಂಬುದನ್ನೂ ಸಂದೇಶದಲ್ಲೇ ತಿಳಿಸುವುದು ಒಳ್ಳೆಯದು.

ಮೂರನೆಯದು ಕನ್ನಡಕ. ಎಡಗಡೆಯ ಗಾಜಿನಲ್ಲಿ ಫ್ಲ್ಯಾಶ್ ಮಿಂಚಿ ಅರ್ಧ ಕಣ್ಣು ಮುಚ್ಚಿಹೋಗಿದೆ. ಇದಕ್ಕೊಂದು ಸುಲಭದ ಉಪಾಯ ಉಂಟು: ಬಲಗಣ್ಣನ್ನು ನಕಲು ಮಾಡಿ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಎಡಕ್ಕೆ ಕೂರಿಸುವುದು. ಯಾರ ಎರಡು ಕಣ್ಣೂ ಒಂದೇ ಸಮ ಇರುವುದಿಲ್ಲ, ಆದ್ದರಿಂದ ಮುಖ ಅಪರಿಚಿತವಾಗುತ್ತದೆ. ಪತ್ತೆ ಹಚ್ಚುವುದು ಕಷ್ಟವಲ್ಲ. ಫೋಟೋದಲ್ಲಿ ಕಣ್ಣಿನ ಕಪ್ಪಿನೊಳಗೆ ಬೆಳಕಿನ ಒಂದು ಸಣ್ಣ ಚುಕ್ಕೆ ಇರುತ್ತದೆ. ಬೆಳಕು ಒಂದೇ ಕಡೆಯಿಂದ ಬಂದಿದ್ದರೆ ಎರಡೂ ಕಣ್ಣಲ್ಲಿ ಚುಕ್ಕೆ ಒಂದೇ ಪಕ್ಕದಲ್ಲಿರಬೇಕು. ಒಂದರಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಇದ್ದರೆ ಕಣ್ಣು ತಿರುಗಿಸಿ ಅಂಟಿಸಿದ್ದಾರೆ ಎಂದು ತಿಳಿಯಬಹುದು. ಮೇಷ್ಟ್ರ ಫೋಟೋದಲ್ಲಿ ಮಿಂಚನ್ನು ಮಂಕು ಮಾಡಿ, ಕಂಡಷ್ಟು ಕಣ್ಣನ್ನು ಉಳಿಸಿಕೊಳ್ಳುವುದೇ ಸರಿ. ಕನ್ನಡಕದಲ್ಲಿ ಸ್ವಲ್ಪ ಬೆಳಕು ಉಳಿದರೆ ಯಾರಿಗೂ ತೊಂದರೆಯಿಲ್ಲ.

ಇನ್ನು ಅಳತೆ. ಈ ಪ್ರಿಂಟ್‌ನಲ್ಲಿ ಮೇಷ್ಟ್ರ ಮುಖ ಎರಡು ಸೆಂಟಿಮೀಟರ್ ಎತ್ತರ ಇದೆ. 12×18 ಇಂಚಿನ ಫ್ರೇಮಿನಲ್ಲಿ ಬರೀ ಮುಖ ಮತ್ತು ಭುಜ ಬರಲಿ ಎಂದರೆ ಮುಖ 15 ಸೆಂಟಿಮೀಟರ್ ಆಗಬೇಕು, ಅಂದರೆ ಏಳೂವರೆ ಪಟ್ಟು ಹಿಗ್ಗಬೇಕು. ಕಾಗದದಲ್ಲಿ ಅಷ್ಟು ವಿವರವೇ ಇಲ್ಲ. ಸ್ಕ್ಯಾನರ್‌ನ ಅಂಕಿ ಎಷ್ಟು ಏರಿಸಿದರೂ ಫೈಲ್ ದೊಡ್ಡದಾಗುತ್ತದೆಯೇ ಹೊರತು ಇಲ್ಲದ ರೆಪ್ಪೆಗೂದಲು ಮೂಡುವುದಿಲ್ಲ. ಅದನ್ನು ‘ಶಾರ್ಪ್’ ಮಾಡಿ ಎಂದು ಕೇಳಿದರೆ ಕೆಲಸ ಮಾಡುವವರು ರೆಪ್ಪೆ, ಹುಬ್ಬು, ತುಟಿಯಂಚನ್ನು ತಾವೇ ಬರೆಯಬೇಕಾಗುತ್ತದೆ. ಅದರ ಬದಲು 8×12 ಇಂಚಿನ ಪ್ರಿಂಟ್ ಸಾಕೆಂದು, ಎದೆಯವರೆಗೆ ಉಳಿಸಿಕೊಂಡರೆ ಮುಖ ಆರು ಸೆಂಟಿಮೀಟರ್, ಮೂರೇ ಪಟ್ಟು. ಕೊಂಚ ಮೃದುವಾಗಿ ಕಂಡರೂ ಅದು ಮೇಷ್ಟ್ರ ಮುಖವೇ.

ಕಳಿಸುವ ಮೊದಲು ಪ್ರಿಂಟನ್ನು ನೀರಿನಿಂದ ಒರೆಸಬಾರದು, ಗಾಜಿಗೆ ಅಂಟಿದ್ದರೆ ಕಿತ್ತು ತೆಗೆಯಬಾರದು, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಬೇಕು. 600 ಡಿಪಿಐ ಸಾಕು. ಸ್ಕ್ಯಾನರ್‌ನಲ್ಲಿ ತಾನಾಗಿ ಬಣ್ಣ ತಿದ್ದುವ, ಧೂಳು ತೆಗೆಯುವ ಆಯ್ಕೆಗಳು ಆಫ್ ಇರಲಿ. ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗುತ್ತದೆ, ‘ಡಾಕ್ಯುಮೆಂಟ್’ ಎಂದು ಕಳಿಸಬೇಕು. ಇನ್ನೊಂದು ಪ್ರತಿಯ ಮೇಲೆ ಫೋನಿನಲ್ಲೇ ಗುರುತು ಹಾಕಬಹುದು: ತೆಗೆಯಬೇಕಾದ ಕಾಗದದ ಕಲೆಗೆ ಕೆಂಪು ಸುತ್ತು, ಉಳಿಸಬೇಕಾದ ಮುಖದ ಗುರುತಿಗೆ ಹಸಿರು ಸುತ್ತು. ಇಷ್ಟಾದ ಮೇಲೆ ಮೇಷ್ಟ್ರ ಮಗಳು ಬರೆಯಬಹುದಾದ ಸಂದೇಶ ಹೀಗಿರುತ್ತದೆ:

‘ನಮಸ್ಕಾರ ಸರ್. ನಮ್ಮ ತಂದೆಯವರ ಫೋಟೋ ಸರಿಮಾಡಿಸಬೇಕಿತ್ತು. ಅವರು ತೀರಿಕೊಂಡು ಬಹಳ ವರ್ಷವಾಯಿತು. ಮದುವೆ ಫೋಟೋದಲ್ಲಿ ಮಧ್ಯೆ ನಿಂತವರು ಅವರು. ಮೂರು ಫೈಲ್ ಕಳಿಸಿದ್ದೇನೆ: ಸ್ಕ್ಯಾನ್, ಗುರುತು ಹಾಕಿದ ಪ್ರತಿ, ಹೋಲಿಕೆಗೆ ಒಂದು ಕಪ್ಪುಬಿಳುಪು ಫೋಟೋ. ಎದೆಯವರೆಗೆ ಬರುವಂತೆ 8×12 ಇಂಚಿನ ಪ್ರಿಂಟ್‌ಗೆ ಫೈಲ್ ಬೇಕು.

ತೆಗೆಯಬೇಕಾದ್ದು: ಕೆಂಪು ಬಣ್ಣ (ಜುಬ್ಬ ಬಿಳಿಯಾಗುವಷ್ಟು ಮಾತ್ರ), ಕೆಂಪು ಸುತ್ತು ಹಾಕಿದ ಚುಕ್ಕೆಗಳು, ಬಲಗೆನ್ನೆಯ ಮೇಲೆ ಹಾದ ಮಡಿಕೆಯ ಗೆರೆ, ಭುಜದ ಮೇಲಿರುವ ಪಕ್ಕದವರ ಕೈ. ಹಿಂದಿನ ಶಾಮಿಯಾನ ತೆಗೆದು ಸಾದಾ ಬೂದು ಬಣ್ಣ ಕೊಡಿ.

ಮುಟ್ಟಬಾರದ್ದು: ಸಿಡುಬಿನ ಕಲೆಗಳು, ಎಡಹುಬ್ಬಿನ ಗಾಯದ ಗುರುತು, ವಿಭೂತಿ, ಸುಕ್ಕು, ನರೆತ ಮೀಸೆ, ಮೈಬಣ್ಣ. ಅವರು ಕಪ್ಪಗೇ ಇದ್ದರು. ಮುಖದ ಆಕಾರ, ನಗು ಬದಲಾಗಬಾರದು. ಕೋಟು, ಶಾಲು, ಪೇಟ ಏನೂ ಸೇರಿಸಬೇಡಿ.

ಕೇಳಿ ಮಾಡಬೇಕಾದ್ದು: ಕನ್ನಡಕದ ಮಿಂಚು. ಮಂಕು ಮಾಡಿದರೆ ಸಾಕು, ಇನ್ನೊಂದು ಕಣ್ಣನ್ನು ತಿರುಗಿಸಿ ಹಾಕಬೇಡಿ. ಬೇರೆ ದಾರಿ ಇದ್ದರೆ ಮೊದಲು ತಿಳಿಸಿ. ಇಲ್ಲಿ ಹೇಳದ ಏನನ್ನಾದರೂ ಬದಲಿಸಬೇಕೆನಿಸಿದರೂ ಒಂದು ಮಾತು ಕೇಳಿ.

ಮೊದಲು ಬಣ್ಣ ಮತ್ತು ಮಡಿಕೆ ಮಾತ್ರ ಸರಿಮಾಡಿ ಕಳಿಸಿ, ನಮ್ಮ ತಾಯಿ ನೋಡಿದ ಮೇಲೆ ಮುಂದಿನದು. ಎರಡು ಸಲದ ತಿದ್ದುಪಡಿ ಸೇರಿಸಿ ಎಷ್ಟಾಗುತ್ತದೆ, ಎಷ್ಟು ದಿನ ಬೇಕು ಹೇಳಿ. ಒಪ್ಪಿಗೆ ಕೊಡುವವಳು ನಾನೊಬ್ಬಳೇ. ಲೇಯರ್ ಇರುವ ಫೈಲ್ ಕೂಡ ಬೇಕು. ಫೋಟೋವನ್ನು ನಿಮ್ಮ ಪೇಜ್‌ನಲ್ಲಿ ಹಾಕಿಕೊಳ್ಳಬಾರದೆಂದು ವಿನಂತಿ.’

ಈ ಸಂದೇಶದಲ್ಲಿ ಭುಜದ ಮೇಲಿನ ಕೈ ತೆಗೆಯಲು ಒಪ್ಪಿಗೆ ಇದೆ, ಕಣ್ಣು ಕಟ್ಟಲು ಇಲ್ಲ. ಎರಡೂ ಇಲ್ಲದ್ದನ್ನು ತುಂಬುವ ಕೆಲಸವೇ. ಆದರೆ ಕೈ ತೆಗೆದ ಜಾಗದಲ್ಲಿ ಬರುವುದು ಜುಬ್ಬದ ಬಟ್ಟೆ, ಪಕ್ಕದ ಬಟ್ಟೆ ನೋಡಿ ತುಂಬಿದರೆ ಮನುಷ್ಯ ಬದಲಾಗುವುದಿಲ್ಲ. ಕಣ್ಣಿಗೆ ಆ ಮಾತು ಸಲ್ಲುವುದಿಲ್ಲ. ಹೋಲಿಕೆಗೆ ಕಳಿಸಿದ ಕಪ್ಪುಬಿಳುಪು ಫೋಟೋದಿಂದ ಕಣ್ಣು ತಂದರೂ ಅದು ಬೇರೆ ವಯಸ್ಸಿನದು, ಬೇರೆ ಬೆಳಕಿನದು.

‘ಪೇಜ್‌ನಲ್ಲಿ ಹಾಕಬೇಡಿ’ ಎಂಬ ಮಾತೂ ಸುಮ್ಮನೆ ಬಂದದ್ದಲ್ಲ. ರೀಟಚಿಂಗ್ ಮಾಡುವವರಿಗೆ ‘ಮೊದಲು–ನಂತರ’ ಎಂದು ಜೋಡಿ ಚಿತ್ರ ತೋರಿಸುವುದು ಗಿರಾಕಿ ಹಿಡಿಯುವ ದಾರಿ. ಮನೆಯವರು ಬೇಡವೆಂದು ಮೊದಲೇ ಹೇಳಿದರೆ ಯಾರಿಗೂ ಮುಜುಗರವಿಲ್ಲ.

ಕೆಲಸ ಬಂದಾಗ ನೋಡುವ ಕ್ರಮವೂ ಇದೆ. ಹಳೆಯ ಸ್ಕ್ಯಾನನ್ನು ಹೊಸ ಚಿತ್ರದಷ್ಟೇ ಗಾತ್ರಕ್ಕೆ ಕತ್ತರಿಸಿಕೊಂಡು, ಫೋನಿನಲ್ಲಿ ಒಂದಾದ ಮೇಲೆ ಒಂದರಂತೆ ಹಿಂದೆ ಮುಂದೆ ಸರಿಸಿ ನೋಡಬೇಕು. ಕಣ್ಣು, ಮೂಗು, ಬಾಯಿ ನಿಂತಲ್ಲೇ ನಿಂತು ಕಲೆ ಮಾತ್ರ ಮಾಯವಾದರೆ ಸರಿ. ದವಡೆ ಸಣ್ಣಗಾದಂತೆ, ಕಣ್ಣು ಅರಳಿದಂತೆ ಕಂಡರೆ ಆಕಾರ ತಿದ್ದಿದ್ದಾರೆ. ಮೂಗಿನ ಪಕ್ಕದಿಂದ ಬಾಯಿಯ ಕಡೆಗೆ ಇಳಿಯುವ ಗೆರೆಯನ್ನು ವಿಶೇಷವಾಗಿ ಗಮನಿಸಬೇಕು, ನುಣುಪು ಮಾಡುವಾಗ ಮೊದಲು ಅಳಿಯುವುದು ಅದೇ, ಅದರ ಜತೆಗೆ ನಗುವೂ ಹೋಗುತ್ತದೆ. ಪರದೆಯ ಬೆಳಕಿನಲ್ಲಿ ಚೆನ್ನಾಗಿ ಕಂಡದ್ದು ಕಾಗದದಲ್ಲಿ ಕಪ್ಪಾಗುವುದುಂಟು, ಅದಕ್ಕೆ ದೊಡ್ಡದನ್ನು ಹಾಕಿಸುವ ಮುನ್ನ ಒಂದು 4×6 ಪ್ರಿಂಟ್ ತೆಗೆಸಿ ಹಗಲಿನಲ್ಲಿ ನೋಡಬೇಕು. ತಾಯಿಯ ಜತೆ, ಮೇಷ್ಟ್ರ ಕೈಯಲ್ಲಿ ಓದಿದ ಒಬ್ಬರಿಗೂ ತೋರಿಸಬೇಕು, ಏನನ್ನೂ ಹೇಳದೆ ‘ಯಾರು ಇವರು?’ ಎಂದಷ್ಟೇ ಕೇಳಿ. ಉತ್ತರ ತಡವಾದರೆ ಎರಡನೆಯ ತಿದ್ದುಪಡಿಗೆ ಕಾರಣ ಸಿಕ್ಕಂತೆ.

ಒಪ್ಪಿಗೆಯಾದ ಮೇಲೂ ತಿದ್ದದ ಸ್ಕ್ಯಾನ್ ಅಳಿಸಬಾರದು. ಹೊಸ ಫೈಲ್, ಹಳೆಯ ಸ್ಕ್ಯಾನ್, ಈ ಸಂದೇಶ ಮೂರನ್ನೂ ಒಂದೇ ಕಡೆ ಇಡಬೇಕು, ಮೂಲ ಪ್ರಿಂಟನ್ನು ಬೇರೆ ಲಕೋಟೆಯಲ್ಲಿ. ಮೇಷ್ಟ್ರನ್ನು ಕಣ್ಣಾರೆ ಕಂಡವರು ಇನ್ನು ಕೆಲವೇ ವರ್ಷ ಇರುತ್ತಾರೆ. ಆಮೇಲೆ ಮೊಮ್ಮಕ್ಕಳ ಪಾಲಿಗೆ ಹಾಲ್‌ನ ಚಿತ್ರವೇ ತಾತ. ಅದರಲ್ಲಿ ಏನನ್ನು ತೆಗೆದಿದ್ದಾರೆ, ಏನನ್ನು ಉಳಿಸಿದ್ದಾರೆ ಎಂದು ಅವರಿಗೆ ಅನುಮಾನ ಬಂದ ದಿನ ನೋಡಲು ಬರಹದಲ್ಲಿ ಒಂದು ಉತ್ತರ ಇರಬೇಕು.