ಚಂದಾ ಪತ್ರದಲ್ಲೇ ಲೆಕ್ಕದ ಮಾತು

ಗಣೇಶೋತ್ಸವಕ್ಕೆ ಚಂದಾ ಕೇಳುವ ಕರಪತ್ರಗಳಲ್ಲಿ ‘ತನು, ಮನ, ಧನದಿಂದ ಸಹಕರಿಸಿ’ ಎಂಬ ಸಾಲು ತಪ್ಪದೆ ಇರುತ್ತದೆ. ಲೆಕ್ಕ ಯಾವಾಗ, ಎಲ್ಲಿ ಸಿಗುತ್ತದೆ ಎಂಬ ಸಾಲು ಮಾತ್ರ ಇರುವುದಿಲ್ಲ. ಕೊಡುವವರ ಮನಸ್ಸು ಹಿಂಜರಿಯುವುದು ಅಲ್ಲಿಯೇ.

ಪತ್ರ ಹೀಗಿರಲಿ: ‘ಕಳೆದ ವರ್ಷದ ಉಳಿಕೆ 8,400 ರೂಪಾಯಿ. ಈ ಬಾರಿಯ ಅಂದಾಜು ಖರ್ಚು 95,000. ಹಣ ಕೊಟ್ಟ ಕೂಡಲೇ ನಂಬರಿರುವ ರಸೀದಿ ಪಡೆಯಿರಿ. ವಿಸರ್ಜನೆಯಾದ 15 ದಿನಗಳೊಳಗೆ ಜಮಾ-ಖರ್ಚಿನ ಪಟ್ಟಿಯನ್ನು ದೇವಸ್ಥಾನದ ಫಲಕದಲ್ಲಿ ಹಾಕುತ್ತೇವೆ. ಬಿಲ್ಲುಗಳನ್ನು ಆ ಭಾನುವಾರದ ಸಭೆಯಲ್ಲಿ ಯಾರು ಬೇಕಾದರೂ ನೋಡಬಹುದು.’

ಕೊನೆಗೆ 91,600 ರೂಪಾಯಿ ಸಂಗ್ರಹವಾಯಿತು ಎಂದುಕೊಳ್ಳಿ. ಹಳೆಯ ಉಳಿಕೆ ಸೇರಿ ಒಂದು ಲಕ್ಷ. ಖರ್ಚು 93,250 ಆಗಿದ್ದರೆ ಕೈಯಲ್ಲಿ 6,750 ಇರಲೇಬೇಕು. ಈ ಕೂಡು-ಕಳೆ ಯಾರಿಗೂ ಬರುತ್ತದೆ. ಆದರೆ ಸಂಗ್ರಹದ ಮೊತ್ತವೇ ಸರಿಯೇ ಎಂದು ತಿಳಿಯಲು ರಸೀದಿ ಪುಸ್ತಕ ಬೇಕು. ಎಷ್ಟು ಪುಸ್ತಕ ಅಚ್ಚಾದವು, ಯಾವ ನಂಬರಿನಿಂದ ಯಾವ ನಂಬರಿನವರೆಗೆ, ಯಾರ ಕೈಗೆ ಹೋದವು ಎಂದು ಮೊದಲೇ ಬರೆದಿಡಬೇಕು. ಹಂಚಿದ ಪುಸ್ತಕಗಳಲ್ಲಿ ಒಂದು ವಾಪಸು ಬಾರದಿದ್ದರೆ ಲೆಕ್ಕ ಮುಗಿದಿಲ್ಲ ಎಂದೇ ಅರ್ಥ.

ಹೆಚ್ಚು ಗೊಂದಲವಾಗುವುದು ಫೋನ್‌ಪೇ ಹಣದಲ್ಲಿ. ಒಬ್ಬರ ಸ್ವಂತ ಖಾತೆಗೆ ಬಂದ ಚಂದಾ ಅವರ ಮನೆಖರ್ಚಿನೊಂದಿಗೆ ಬೆರೆತುಹೋಗುತ್ತದೆ. ಪ್ರಾಮಾಣಿಕರಿಗೂ ಬಿಡಿಸಿ ಹೇಳುವುದು ಕಷ್ಟ. ಇಬ್ಬರ ಸಹಿಯ ಜಂಟಿ ಖಾತೆ ತೆರೆಯುವುದೇ ಮೇಲು. ಅಕ್ಕಿ, ಬೆಲ್ಲ, ಎಣ್ಣೆ ಕೊಟ್ಟವರಿಗೂ ರಸೀದಿ ಸಲ್ಲಬೇಕು. ‘ಇತರೆ ಖರ್ಚು’ ಎಂಬ ಸಾಲು ದೊಡ್ಡದಾಗಿದ್ದರೆ ಬಿಡಿಸಿ ಬರೆಯಲು ಕೇಳಿ.

ಈ ಸಲ ಮನೆಬಾಗಿಲಿಗೆ ಬಂದವರಿಗೆ ಸಂತೋಷದಿಂದ ಚಂದಾ ಕೊಡಿ; ಲೆಕ್ಕ ಹಾಕುವ ತಾರೀಖನ್ನು ಕೇಳಿ ರಸೀದಿಯ ಹಿಂದೆ ಬರೆದಿಟ್ಟುಕೊಳ್ಳಿ.